ಮೀಟರಲ್ಲಿ 58, ತಳದಲ್ಲಿ 33: ಬಿಸಿನೀರಿನ ಲೈನಲ್ಲಿ ಲೀಜನೆಲ್ಲಾ

(ಪ್ಲಂಬಿಂಗ್ ಕಂಟ್ರಾಕ್ಟರುಗಳು, ಆಸ್ಪತ್ರೆ ಹಾಸ್ಟೆಲ್ ಮೇಂಟೆನೆನ್ಸ್ ನೋಡ್ಕೊಳ್ಳೋರು ಸೇರಿದ್ದ ಒಂದು ಸಭೇಲಿ ಮಾತಾಡಿದ್ದು. ಆಡಿದ ಹಾಗೇ ಬರ್ದಿದೀನಿ, ಮಧ್ಯೆ ಟೀಗೆ ಎದ್ದು ಹೋಗಿದ್ದನ್ನ ಮಾತ್ರ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ನಾನು ಡಾಕ್ಟರಲ್ಲ, ಪೈಪಿನವನು. ಹಾಗಾಗಿ ಕಾಯಿಲೆ ಬಗ್ಗೆ ಎರಡೇ ಮಾತು ಹೇಳಿ ಟೆರೇಸ್ ಹತ್ತಿಬಿಡ್ತೀನಿ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್ನಿನ ಸಮಾವೇಶ ಒಂದು ದೊಡ್ಡ ಹೋಟೆಲಲ್ಲಿ ನಡೀತು, ಮನೆಗೆ ಹೋದೋರು ಒಬ್ಬೊಬ್ರಾಗಿ ನ್ಯುಮೋನಿಯಾ ಬಂದು ಮಲಗಿದ್ರು, ಸುಮಾರು 30 ಜನ ಸತ್ತೇ ಹೋದ್ರು. ಆಮೇಲೆ ತಿಂಗಳುಗಟ್ಟಲೆ ಹುಡುಕಿ ಒಂದು ಬ್ಯಾಕ್ಟೀರಿಯಾ ಸಿಕ್ತು, ಲೀಜನ್ನಿನೋರಿಗೆ ಬಂದಿದ್ದಕ್ಕೆ ಲೀಜನೆಲ್ಲಾ ಅಂತ ಹೆಸರಾಯ್ತು. ಇದು ನೀರಲ್ಲಿ ಬದುಕೋ ಜೀವಿ, ಆದ್ರೆ ಸಾಮಾನ್ಯವಾಗಿ ಕುಡಿದ್ರೆ ಬರೋ ಕಾಯಿಲೆ ಅಲ್ಲ, ಶವರ್ರಿಂದ ಏಳೋ ಸಣ್ಣ ಸಣ್ಣ ಹನಿ ಇದ್ಯಲ್ಲ ಅದು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದ್ರೆ ಬರತ್ತೆ. ವಯಸ್ಸಾದೋರು, ಸಿಗರೇಟ್ ಸೇದೋರು, ಸ್ಟೀರಾಯ್ಡ್ ತಗೊಳ್ತಿರೋರು, ಕಿಡ್ನಿ ಕಸಿ ಮಾಡಿಸ್ಕೊಂಡೋರು, ಇವರಿಗೆ ಜಾಸ್ತಿ ಅಪಾಯ. ಅಂದ್ರೆ ಆಸ್ಪತ್ರೇಲಿ ಯಾರು ಮಲಗಿರ್ತಾರೋ ಅವರಿಗೇ.

ನಮ್ಮ ಅಜ್ಜಿ ಮನೇಲಿ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು, ಕೆಳಗೆ ಒಲೆ. ಕೆಳಗಿಂದ ಉರಿ ಹಾಕಿದ್ರೆ ಇಡೀ ಹಂಡೆ ನೀರು ಮರಳೋದು, ಮನೆಮಂದಿ ಎಲ್ಲಾ ಮಿಂದು ಮುಗಿಸೋ ಹೊತ್ತಿಗೆ ಹಂಡೆ ಖಾಲಿ, ಮಾರನೇ ದಿನ ಹೊಸ ನೀರು. ಪೈಪೇ ಇಲ್ಲ, ಶವರೂ ಇಲ್ಲ, ನೀರು ನಿಲ್ಲೋ ಮಾತೇ ಇಲ್ಲ. ನಾವೀಗ ಕಟ್ಟೋ ಸಿಸ್ಟಮ್ಮಲ್ಲಿ ಇದೆಲ್ಲಾ ಉಲ್ಟಾ ಆಗಿದೆ: ಉರಿ ನಡುವಲ್ಲಿ, ನೀರು ಎರಡು ದಿನ ನಿಂತಿರತ್ತೆ, ನೂರಾರು ಅಡಿ ಪೈಪು. ಇವತ್ತಿನ ಮಾತೆಲ್ಲಾ ಆ ಉಲ್ಟಾನ ಹೇಗೆ ಸರಿಮಾಡೋದು ಅನ್ನೋದ್ರ ಬಗ್ಗೆ.

ಮೊದ್ಲು ಶಾಖದ ಲೆಕ್ಕ. ಈ ಲೀಜನೆಲ್ಲಾಗೆ 20 ಡಿಗ್ರಿ ಕೆಳಗೆ ಚಳಿ, ಸಾಯಲ್ಲ ಆದ್ರೆ ಬೆಳೆಯೋದೂ ಇಲ್ಲ. 20ರಿಂದ 45ರ ತನಕ ಬೆಳೆಯತ್ತೆ, 35-37 ಅಂದ್ರೆ ಅದಕ್ಕೆ ಹಬ್ಬ. 50ರಲ್ಲಿ ಬೆಳೆಯಲ್ಲ, ನಿಧಾನಕ್ಕೆ ಸಾಯತ್ತೆ, ನೂರಕ್ಕೆ ತೊಂಬತ್ತು ಸಾಯೋಕೆ ಹೆಚ್ಚುಕಮ್ಮಿ ಒಂದೂವರೆ ಎರಡು ಗಂಟೆ ಬೇಕು. ಅದೇ 60ರಲ್ಲಿ ಅಷ್ಟೇ ಕೆಲಸ ಎರಡು ನಿಮಿಷದಲ್ಲಿ ಆಗತ್ತೆ. ಹತ್ತು ಡಿಗ್ರಿಗೆ ಎಷ್ಟು ವ್ಯತ್ಯಾಸ ನೋಡಿ. ಇದು ಲ್ಯಾಬಲ್ಲಿ ಬರಿ ನೀರಲ್ಲಿ ತೇಲ್ತಿರೋದ್ರ ಲೆಕ್ಕ, ನಿಜವಾದ ಪೈಪಲ್ಲಿ ಅದು ಒಳಗೋಡೆಗೆ ಅಂಟಿದ ಲೋಳೆಯೊಳಗೆ, ಅಮೀಬಾ ಹೊಟ್ಟೆಯೊಳಗೆ ಅಡಗಿರತ್ತೆ, ಅಲ್ಲಿ ಇನ್ನೂ ಹೊತ್ತು ಬೇಕು. ಅದಕ್ಕೇ ಒಂದು ದಿನ 70 ಡಿಗ್ರಿ ಹತ್ತಿಸಿ ಎಲ್ಲಾ ನಲ್ಲಿ ಬಿಟ್ಟು "ಆಯ್ತು ಸಾರ್ ಕ್ಲೀನ್" ಅಂದ್ರೆ ಕೆಲವು ವಾರಕ್ಕೆ ವಾಪಸ್ ಬರತ್ತೆ. ದಿನಾ ದಿನಾ ಶಾಖ ಕಾಪಾಡ್ಕೊಂಡು ಹೋಗೋದೇ ಮದ್ದು.

ಅದಕ್ಕೆ ಬ್ರಿಟನ್ನೋರು ಇಟ್ಕೊಂಡಿರೋ ನಿಯಮ ಸುಲಭವಾಗಿದೆ: ಟ್ಯಾಂಕಲ್ಲಿ 60, ನಲ್ಲಿ ತಿರುಗಿಸಿ ಒಂದು ನಿಮಿಷದೊಳಗೆ 50 ಬರ್ಬೇಕು, ಆಸ್ಪತ್ರೆ ಆದ್ರೆ 55. ಜರ್ಮನಿಯೋರು ಇನ್ನೂ ಬಿಗಿ, ಟ್ಯಾಂಕಿಂದ 60ಕ್ಕೆ ಹೊರಟ ನೀರು ಸುತ್ತಿ ವಾಪಸ್ ಬರುವಾಗ 5 ಡಿಗ್ರಿಗಿಂತ ಜಾಸ್ತಿ ಇಳೀಬಾರ್ದು ಅಂತಾರೆ. ತಣ್ಣೀರು 20ರ ಕೆಳಗಿರ್ಬೇಕು ಅಂತಲೂ ಬ್ರಿಟನ್ನೋರ ಪುಸ್ತಕದಲ್ಲಿದೆ, ಅದನ್ನ ನಾನು ರಾಯಚೂರಲ್ಲಿ ಹೇಳಿದ್ರೆ ಹೊಡೀತಾರೆ, ಮೇ ತಿಂಗಳಲ್ಲಿ ಅಲ್ಲಿ ಓವರ್‌ಹೆಡ್ ಟ್ಯಾಂಕಿನ "ತಣ್ಣೀರು" ಮುಟ್ಟಿದ್ರೇ ಗೊತ್ತಾಗತ್ತೆ. ನಮ್ಮಲ್ಲಿ ತಣ್ಣೀರಿನ ಕಡೆಗೆ ಶಾಖದ ನಿಯಮ ನಡೆಯಲ್ಲ, ಅಲ್ಲಿ ಕ್ಲೋರಿನ್ನು, ನೆರಳು, ನೀರು ದಿನಾ ಬದಲಾಗೋ ಹಾಗೆ ಸಣ್ಣ ಟ್ಯಾಂಕು, ಇವೇ ದಾರಿ. ಅದು ಬೇರೆ ದಿನದ ಮಾತು. ಬಿಸಿನೀರಿನ ಕಡೆ ಮಾತ್ರ ನಿಯಮ ಎಲ್ಲಾ ಊರಿಗೂ ಒಂದೇ.

ಈಗ ಒಂದು ಕೇಸು. ಊರು ಹೆಸರು ಬೇಡ, 40 ಬೆಡ್ಡಿನ ನರ್ಸಿಂಗ್ ಹೋಮ್, ಮೂರು ಫ್ಲೋರು. ಟೆರೇಸಲ್ಲಿ ಸೋಲಾರ್, 1500 ಲೀಟರಿಂದು ಎರಡು ಅಡ್ಡ ಟ್ಯಾಂಕು, ಒಂದೊಂದ್ರಲ್ಲೂ ನಡುಮಟ್ಟದಲ್ಲಿ 6 ಕಿಲೋವಾಟ್ ಕಾಯಿಲ್. ಅವರು ನನ್ನ ಕರೆಸಿದ್ದು ಲೀಜನೆಲ್ಲಾಗಲ್ಲ, "ಮೂರನೇ ಲೈನಿನ ರೂಮುಗಳಲ್ಲಿ ಬಿಸಿನೀರು ಬರೋಕೆ ಹೊತ್ತಾಗತ್ತೆ" ಅನ್ನೋ ಕಂಪ್ಲೇಂಟಿಗೆ. ಮೇಂಟೆನೆನ್ಸ್ ನೋಡ್ಕೊಳ್ಳೋ ಅಣ್ಣ ಮೊದಲೇ ಹೇಳಿದ್ರು, "ಸಾರ್, ಟ್ಯಾಂಕಲ್ಲಿ ಏನೂ ತೊಂದ್ರೆ ಇಲ್ಲ, ಮೀಟರ್ ನೋಡಿ, 58 ತೋರಿಸ್ತೈತೆ." ಹೌದು, ತೋರಿಸ್ತಿತ್ತು. ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ, ಮೋಡ.

ಆ ಮೀಟರಿನ ಪ್ರೋಬ್ ಎಲ್ಲಿತ್ತು ಅಂದ್ರೆ ಮೊದಲನೇ ಟ್ಯಾಂಕಿನ ನೆತ್ತಿ ಮೇಲೆ, ನೀರು ಹೊರಗೆ ಹೋಗೋ ಜಾಗದ ಪಕ್ಕ. ನಾನು ಕೆಳಗಿನ ಡ್ರೈನ್ ವಾಲ್ವ್ ತೆಗೆದು ಒಂದು ಸ್ಟೀಲ್ ಮಗ್ಗಿಗೆ ನೀರು ಹಿಡಿದು ಥರ್ಮಾಮೀಟರ್ ಇಟ್ಟೆ. ಮೊದ್ಲು ಕಂದು ಬಣ್ಣದ ಕೆಸರು ಬಂತು, ಬೋರ್‌ವೆಲ್ ನೀರಿನ ಸುಣ್ಣದ ಚೂರು ಕೂಡ, ಆಮೇಲೆ ನೀರು ತಿಳಿಯಾಯ್ತು, ಅದು 41 ಡಿಗ್ರಿ. ಎರಡನೇ ಟ್ಯಾಂಕಲ್ಲಿ ಮೇಲೆ 49, ತಳದಲ್ಲಿ 33. ಆ ಅಣ್ಣನ ಕೈಗೆ ಮಗ್ಗು ಕೊಟ್ಟೆ, ಅವರು ಬೆರಳು ಅದ್ದಿ ಸುಮ್ನೆ ನನ್ನ ಮುಖ ನೋಡಿದ್ರು.

ಯಾಕೆ ಹೀಗೆ? ಬಿಸಿನೀರು ಹಗುರ, ಮೇಲೆ ನಿಲ್ಲತ್ತೆ, ತಣ್ಣೀರು ಕೆಳಗಿಂದ ಬರತ್ತೆ, ಕೆಳಗೇ ಕೂರತ್ತೆ. ಕಾಯಿಲ್ ನಡುವಲ್ಲಿದ್ರೆ ಅದರ ಮೇಲಿನ ನೀರು ಕಾಯತ್ತೆ, ಕೆಳಗಿಂದು ಕಾಯೋದೇ ಇಲ್ಲ, ಥರ್ಮೋಸ್ಟಾಟ್ ಮೇಲಿನ ಶಾಖ ನೋಡಿ ಕರೆಂಟ್ ಕಟ್ ಮಾಡತ್ತೆ. ಕಾಯಿಲ್ ಕೆಳಗಿನ ಆ ಏಳುನೂರು ಚಿಲ್ಲರೆ ಲೀಟರು ಬೆಚ್ಚಗೆ, ಕೆಸರಿನ ಹಾಸಿಗೆ ಮೇಲೆ, ಯಾರೂ ಅಲ್ಲಾಡಿಸದ ಹಾಗೆ ಇರತ್ತೆ. ಕೆನಡಾದ ಕ್ವಿಬೆಕ್ ಸಿಟೀಲಿ 1990ರ ಆಸುಪಾಸು ಇನ್ನೂರು ಚಿಲ್ಲರೆ ಮನೆಗಳ ಬಿಸಿನೀರು ಪರೀಕ್ಷೆ ಮಾಡಿದ್ರು, ಕರೆಂಟ್ ಹೀಟರ್ ಇದ್ದ ಮನೆಗಳಲ್ಲಿ ನೂರಕ್ಕೆ ಹತ್ತಿರ ಹತ್ತಿರ 40ರಲ್ಲಿ ಲೀಜನೆಲ್ಲಾ ಸಿಕ್ತು, ಗ್ಯಾಸು ಎಣ್ಣೆ ಉರಿಯೋ ಹೀಟರ್ ಇದ್ದ ಮನೆಗಳಲ್ಲಿ ಒಂದ್ರಲ್ಲೂ ಸಿಗ್ಲಿಲ್ಲ. ಗ್ಯಾಸಿನ ಉರಿ ಟ್ಯಾಂಕಿನ ತಳಕ್ಕೇ ತಾಗತ್ತೆ, ನಮ್ಮಜ್ಜಿ ಹಂಡೆ ಥರ. ಕರೆಂಟ್ ಕಾಯಿಲ್ ತಳಕ್ಕಿಂತ ಮೇಲಿರತ್ತೆ. ವ್ಯತ್ಯಾಸಕ್ಕೆ ಮುಖ್ಯ ವಿವರಣೆ ಅದೇ.

ಇನ್ನು ಎರಡು ಟ್ಯಾಂಕಿಗೂ ಯಾಕೆ ಅಷ್ಟು ವ್ಯತ್ಯಾಸ? ಎರಡನ್ನೂ ಪ್ಯಾರಲಲ್ಲಾಗಿ ಜೋಡಿಸಿದ್ರು, ಮೊದಲನೇದಕ್ಕೆ ಪೈಪು ನೇರ, ಎರಡನೇದಕ್ಕೆ ಉದ್ದ, ಜೊತೆಗೆ ನಾಲ್ಕು ಎಲ್ಬೋ. ನೀರು ಸೋಮಾರಿ, ಸುಲಭದ ದಾರೀಲೇ ಹೋಗತ್ತೆ, ಹಾಗಾಗಿ ಇಡೀ ಕಟ್ಟಡ ಮೊದಲನೇ ಟ್ಯಾಂಕಿಂದ ನೀರು ಎಳೀತಿತ್ತು, ಎರಡನೇದು ಸುಮ್ನೆ ತುಂಬ್ಕೊಂಡು ಕೂತಿತ್ತು. ಅವರ ದಿನದ ಬಿಸಿನೀರಿನ ಖರ್ಚು ನಾನು ಅಳೆದ ಹಾಗೆ 1400 ಲೀಟರು. 3000 ಲೀಟರ್ ಸ್ಟೋರೇಜ್ ಅಂದ್ರೆ ಎರಡು ದಿನದ ನೀರು. "ಇರ್ಲಿ ಬಿಡಿ, ಜಾಸ್ತಿ ಇದ್ರೆ ಒಳ್ಳೇದೇ" ಅಂತ ಟ್ಯಾಂಕ್ ಸೈಜ್ ಹಾಕೋ ಅಭ್ಯಾಸ ನಮ್ಮಲ್ಲಿ ಎಲ್ರಿಗೂ ಇದೆ, ನನಗೂ ಇತ್ತು, ಕುಡಿಯೋ ನೀರಿನ ಸಂಪಿಗೆ ಅದು ಸರಿ, ಬಿಸಿನೀರಿಗೆ ತಪ್ಪು.

ಟ್ಯಾಂಕ್ ಬಿಟ್ಟು ಕೆಳಗಿಳಿದ್ವಿ. ಮೂರು ಲೈನು ಕೆಳಗೆ ಹೋಗ್ತಾವೆ, ಮೂರಕ್ಕೂ ನೀರನ್ನ ಟ್ಯಾಂಕಿಗೆ ವಾಪಸ್ ತರೋ ರಿಟರ್ನ್ ಪೈಪು ಇದೆ, ಒಂದು ಸಣ್ಣ ಪಂಪು ನೀರನ್ನ ಸುತ್ತಿಸ್ಬೇಕು. ಪಂಪಿಗೆ ಟೈಮರ್ ಹಾಕಿದ್ರು, ರಾತ್ರಿ ಹತ್ತಕ್ಕೆ ಬಂದ್, ಬೆಳಿಗ್ಗೆ ಐದಕ್ಕೆ ಶುರು. ಏಳು ಗಂಟೆ ಪೈಪಲ್ಲಿ ನೀರು ನಿಂತು ಆರುತ್ತೆ, 60ರಿಂದ ಕೆಳಗಿಳೀತಾ 45, 40, 35 ಹೀಗೆ ಬ್ಯಾಕ್ಟೀರಿಯಾಗೆ ಬೇಕಾದ ಮೆಟ್ಟಿಲನ್ನೆಲ್ಲಾ ಹಾಯ್ದು ಹೋಗತ್ತೆ, ದಿನಾ. ಉಳಿದಿದ್ದು ಒಂದು ಸಣ್ಣ ಪಂಪಿನ ಕರೆಂಟು. ಪಂಪ್ ಶುರುವಾಗಿ ಒಂದು ಗಂಟೆ ಆದ್ಮೇಲೆ ಮೂರೂ ರಿಟರ್ನ್ ಪೈಪಿಗೆ ಕೈ ಇಟ್ಟೆ, ಮೊದಲನೇದ್ರಲ್ಲಿ ಕೈ ನಿಲ್ಲಲ್ಲ, ಎರಡನೇದು ಬೆಚ್ಚಗೆ, ಮೂರನೇದು ಗೋಡೆಯಷ್ಟೇ ತಣ್ಣಗೆ. ಮತ್ತದೇ ಸೋಮಾರಿ ನೀರು. ಪಂಪಿಗೆ ಹತ್ತಿರದ ಲೈನಲ್ಲೇ ಎಲ್ಲಾ ಸುತ್ತಿ ವಾಪಸ್, ದೂರದ್ದಕ್ಕೆ ಪಾಲು ಸಿಗಲ್ಲ. ಹತ್ತಿರದ ರಿಟರ್ನುಗಳಲ್ಲಿ ಬ್ಯಾಲೆನ್ಸಿಂಗ್ ವಾಲ್ವ್ ಹಾಕಿ ಸ್ವಲ್ಪ ಹಿಸುಕಿದ್ರೆ ಮಾತ್ರ ದೂರದ್ದಕ್ಕೆ ನೀರು ಹೋಗತ್ತೆ. ದೊಡ್ಡ ಪಂಪ್ ಹಾಕಿದ್ರೆ ಸರಿಹೋಗತ್ತೆ ಅಂತ ಅನ್ಕೋಬೇಡಿ, ಹತ್ತಿರದ ಲೈನಲ್ಲೇ ಇನ್ನೂ ಜೋರಾಗಿ ಸುತ್ತತ್ತೆ ಅಷ್ಟೆ.

ನಿಜ ಹೇಳ್ಬೇಕಂದ್ರೆ ಇದಕ್ಕೆ ಬೇಕಾಗೋ ನೀರು ತೀರಾ ಕಮ್ಮಿ. 120 ಮೀಟರ್ ಪೈಪು ಅನ್ಕೊಳ್ಳಿ, ಚೆನ್ನಾಗಿ ಇನ್ಸುಲೇಷನ್ ಸುತ್ತಿದ್ರೆ ಮೀಟರಿಗೆ ಒಂದು 10 ವಾಟ್ ಶಾಖ ಸೋರತ್ತೆ, ಒಟ್ಟು 1200 ವಾಟ್. 60ಕ್ಕೆ ಹೋಗಿ 55ಕ್ಕೆ ವಾಪಸ್ ಬರ್ಬೇಕಂದ್ರೆ ನಿಮಿಷಕ್ಕೆ ಮೂರೂವರೆ ಲೀಟರ್ ಸುತ್ತಿದ್ರೆ ಸಾಕು. ಅದೇ ಪೈಪು ಬೆತ್ತಲೆ ಇದ್ರೆ ಸೋರಿಕೆ ಮೂರ್ನಾಕು ಪಟ್ಟು, ಮಳೆ ಗಾಳಿಗೆ ಟೆರೇಸಲ್ಲಿ ಇನ್ನೂ ಜಾಸ್ತಿ. ಇವರದ್ದು ಟೆರೇಸ್ ಮೇಲಿನ ಫೋಮು ಬಿಸಿಲಿಗೆ ಪುಡಿಪುಡಿಯಾಗಿ ಉದುರಿ ಹೋಗಿತ್ತು.

ಈಗ ಡೆಡ್ ಲೆಗ್, ಅಂದ್ರೆ ನೀರು ಹರಿಯದೆ ನಿಂತೇ ಇರೋ ಪೈಪಿನ ತುಂಡು. ಫಸ್ಟ್ ಫ್ಲೋರಲ್ಲಿ ಹಿಂದೆ ಲೇಬರ್ ರೂಮ್ ಇತ್ತಂತೆ, ಅದನ್ನ ಸ್ಟೋರ್ ಮಾಡ್ಕೊಂಡ್ರು, ವಾಶ್‌ಬೇಸಿನ್ ಕಿತ್ತು ಗೋಡೇಲಿ ಪೈಪಿಗೆ ಡಮ್ಮಿ ಹಾಕಿ ಮೇಲೆ ಪುಟ್ಟಿ ಬಳಿದ್ರು. ಮೇನ್ ಲೈನಿಂದ ಆ ಡಮ್ಮಿವರೆಗೆ 6 ಮೀಟರ್ ಪೈಪು, ಒಳಗೆ 20 ಮಿಲಿಮೀಟರ್, ಲೆಕ್ಕ ಹಾಕಿದ್ರೆ ಎರಡು ಲೀಟರಿಗೆ ಸ್ವಲ್ಪ ಕಮ್ಮಿ ನೀರು. ಎರಡು ಲೀಟರ್ ಏನು ಮಹಾ ಅನ್ಸತ್ತೆ. ಆ ನೀರು ನಾಲ್ಕು ವರ್ಷದಿಂದ ಅಲ್ಲೇ ಇದೆ, ಒಂದು ಕಡೆ ಬಿಸಿ ಲೈನು ಅದನ್ನ ಬೆಚ್ಚಗಿಡತ್ತೆ, ಇನ್ನೊಂದು ಕಡೆ ಮುಚ್ಚಿದೆ. ಆದ್ರೆ ಮೇನ್ ಲೈನಿಂದ ಪೈಪು ಕವಲೊಡೆಯೋ ಟೀ ಜಾಯಿಂಟ್ ಇರೋ ಕಡೆ ತೆರೆದೇ ಇದೆಯಲ್ಲ, ಯಾರೋ ಪಕ್ಕದಲ್ಲಿ ನಲ್ಲಿ ಬಿಟ್ಟು ನಿಲ್ಲಿಸಿದಾಗೆಲ್ಲ ಒತ್ತಡ ಏರಿಳಿದು ಅಲ್ಲಿಂದ ಒಂದಿಷ್ಟು ಮೇನ್ ಲೈನಿಗೆ ಜಾರತ್ತೆ. ನೀವು ಟ್ಯಾಂಕನ್ನ ಎಷ್ಟೇ ಶುದ್ಧ ಮಾಡಿ, ಬಿಸಿನೀರು ಆ ಮೂಲೆಗೆ ಹರಿದು ಹೋಗೋದೇ ಇಲ್ಲ, ಹೋಗೋಕೆ ಆ ಕಡೆ ಬಾಯಿ ಇಲ್ಲ. ಅದಕ್ಕೆ ಡಮ್ಮಿಯನ್ನ ಬೇಸಿನ್ ಹತ್ರ ಹಾಕೋದಲ್ಲ, ಟೀ ಹತ್ರ ಹಾಕ್ಬೇಕು, ಇನ್ನೂ ಒಳ್ಳೇದಂದ್ರೆ ಟೀನೇ ಕಿತ್ತು ನೇರ ಕಪ್ಲಿಂಗ್ ಹಾಕ್ಬೇಕು. ಟೈಲ್ಸ್ ಒಡೀಬೇಕಾಗತ್ತೆ, ಅದಕ್ಕೇ ಯಾರೂ ಮಾಡಲ್ಲ.

ನಲ್ಲಿ ಇದ್ದೂ ಯಾರೂ ಉಪಯೋಗಿಸದೆ ಇದ್ರೆ ಅದೂ ಡೆಡ್ ಲೆಗ್ಗೇ. ಸ್ಪೆಷಲ್ ವಾರ್ಡ್ ರೂಮು ತಿಂಗಳುಗಟ್ಟಲೆ ಖಾಲಿ ಇರತ್ತೆ, ಅದರ ಶವರ್ ಕೂಡ. ಅಂಥಾದ್ದನ್ನ ವಾರಕ್ಕೊಮ್ಮೆ ಆದ್ರೂ ಬಿಸಿ ಬರೋ ತನಕ ಬಿಡಿಸಿ, ದಿನಾಂಕ ಬರ್ದಿಡಿ. ಹೊಸ ಕೆಲ್ಸ ಮಾಡುವಾಗ ಜರ್ಮನಿಯೋರ 3 ಲೀಟರ್ ಲೆಕ್ಕ ನನಗೆ ಇಷ್ಟ: ಹೀಟರಿಂದ ನಲ್ಲಿವರೆಗಿನ ಪೈಪೊಳಗೆ 3 ಲೀಟರಿಗಿಂತ ಜಾಸ್ತಿ ನೀರು ಹಿಡಿಯೋ ಹಾಗಿದ್ರೆ ರಿಟರ್ನ್ ಹಾಕಲೇಬೇಕು ಅಂತ. ಅದೇ 20 ಮಿಲಿಮೀಟರ್ ಪೈಪಲ್ಲಿ ಒಂಬತ್ತೂವರೆ ಮೀಟರಿಗೇ 3 ಲೀಟರ್ ಆಗೋಯ್ತು.

ಇನ್ನೊಂದು ತಮಾಷೆ ಹೇಳ್ಬೇಕು. ಸೆಕೆಂಡ್ ಫ್ಲೋರಲ್ಲಿ ಟ್ಯಾಂಕಿಂದ ಹೊರಟ ನೀರು ಬಿಸಿ ಇದ್ರೂ ನಲ್ಲೀಲಿ 38 ಬರ್ತಿತ್ತು. ರಿಟರ್ನ್ ಸರಿ ಇದೆ, ಪೈಪು ಸರಿ ಇದೆ. ಅರ್ಧ ದಿನ ತಲೆಕೆಟ್ಟು ಕೂತ ಮೇಲೆ ಗೊತ್ತಾಯ್ತು: ಒಂದು ಬಾತ್‌ರೂಮಲ್ಲಿ ಮಿಕ್ಸರಿನ ಎರಡೂ ಗುಬ್ಬಿ ತೆರೆದು ಬಿಟ್ಟು ಹ್ಯಾಂಡ್ ಶವರಿನ ತುದಿಯ ಬಟನ್ನಲ್ಲಿ ಮಾತ್ರ ಬಂದ್ ಮಾಡಿದ್ರು. ತಣ್ಣೀರಿಗೆ ಪ್ರೆಷರ್ ಪಂಪ್, ಬಿಸಿನೀರಿಗೆ ಟೆರೇಸಿನ ಎತ್ತರ ಅಷ್ಟೇ, ಹಾಗಾಗಿ ತಣ್ಣೀರು ಮಿಕ್ಸರೊಳಗಿಂದ ಬಿಸಿ ಲೈನಿಗೆ ನುಗ್ತಾ ಇತ್ತು. ಮಿಕ್ಸರಿನ ಎರಡು ಕಡೆಗೂ ನಾನ್‌ರಿಟರ್ನ್ ವಾಲ್ವ್ ಹಾಕಿದ ಮೇಲೆ ಸರಿಹೋಯ್ತು. ಯಾವುದೋ ಒಂದು ಲೈನು ಕಾರಣವಿಲ್ಲದೆ ಉಗುರುಬೆಚ್ಚಗಿದ್ರೆ ಮೊದ್ಲು ಅದನ್ನ ನೋಡಿ.

ಸರಿ, ಏನು ಮಾಡಿದ್ವಿ. ಹೊಸ ಟ್ಯಾಂಕಿಗೆ ದುಡ್ಡಿಲ್ಲ ಅಂದ್ರು, ಹಾಗಾಗಿ ಇದ್ದ ಎರಡನ್ನೇ ಪ್ಯಾರಲಲ್ ಬಿಡಿಸಿ ಸೀರೀಸಲ್ಲಿ ಜೋಡಿಸಿದ್ವಿ. ತಣ್ಣೀರು ಮೊದಲನೇ ಟ್ಯಾಂಕಿಗೆ, ಅಲ್ಲಿ ಬರಿ ಸೋಲಾರ್ ಕಾಯಿಸತ್ತೆ. ಅಲ್ಲಿಂದ ಎರಡನೇದಕ್ಕೆ, ಅಲ್ಲಿ ಎರಡೂ ಕಾಯಿಲ್ ಕೂರಿಸಿದ್ವಿ, ತಳಕ್ಕೆ ಎಷ್ಟು ಹತ್ತಿರ ಆಗತ್ತೋ ಅಷ್ಟು ಕೆಳಗೆ, 12 ಕಿಲೋವಾಟ್, ಥರ್ಮೋಸ್ಟಾಟ್ 62. ಕಟ್ಟಡಕ್ಕೆ ಹೋಗೋ ಪ್ರತಿ ಹನೀನೂ ಎರಡನೇ ಟ್ಯಾಂಕ್ ಹಾಯ್ದೇ ಹೋಗ್ಬೇಕು, ಯಾವ ಟ್ಯಾಂಕೂ ಸುಮ್ನೆ ಕೂರೋ ಹಾಗಿಲ್ಲ. ಡ್ರೈನ್ ಮೊದ್ಲು ತಳದಿಂದ ಎರಡು ಇಂಚು ಮೇಲಿತ್ತು, ಆ ಎರಡು ಇಂಚು ಕೆಸರು ಯಾವತ್ತೂ ಹೊರಗೆ ಬರ್ತಿರ್ಲಿಲ್ಲ, ಅದನ್ನ ತೀರಾ ತಳಕ್ಕೆ ತಂದ್ವಿ. ನಿಂತ ಟ್ಯಾಂಕು ಸಿಕ್ಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಅದರ ತಳ ಚಿಕ್ಕದು, ಕೆಸರು ಒಂದೇ ಕಡೆ ಕೂರತ್ತೆ.

ಸೋಲಾರ್ ಟ್ಯಾಂಕಿನ ಜಗಳ ಇನ್ನೂ ಉಳೀತು. ಸೋಲಾರ್ ಕಂಪನಿಯೋರಿಗೆ ತಳ ತಣ್ಣಗಿರ್ಬೇಕು, ಆಗ್ಲೇ ಅವರ ಟ್ಯೂಬು ಚೆನ್ನಾಗಿ ಕೆಲಸ ಮಾಡೋದು. ನಮಗೆ ತಳ ದಿನಕ್ಕೊಮ್ಮೆ ಆದ್ರೂ ಒಂದು ಗಂಟೆ 60 ಮುಟ್ಟಬೇಕು. ರಾಜಿ ಏನಂದ್ರೆ, ಬಿಸಿಲು ಮುಗಿಯೋ ತನಕ ಸೋಲಾರಿಗೆ ಬಿಟ್ಟುಬಿಡೋದು, ಸಂಜೆ ಐದಾದ್ಮೇಲೆ ಒಂದು ಸಣ್ಣ ಪಂಪು ಎರಡನೇ ಟ್ಯಾಂಕಿನ ಬಿಸಿನೀರನ್ನ ಮೊದಲನೇದ್ರ ತಳಕ್ಕೆ ಸುತ್ತಿಸತ್ತೆ, ತಳದ ಪ್ರೋಬ್ 60 ತೋರಿಸಿ ಒಂದು ಗಂಟೆ ಆಗೋವರೆಗೆ. ಒಳ್ಳೆ ಬಿಸಿಲಿದ್ದ ದಿನ ಸೋಲಾರೇ 50 ಮುಟ್ಟಿಸಿರತ್ತೆ, ಇನ್ನು ಹತ್ತು ಡಿಗ್ರಿ ಅಂದ್ರೆ 17-18 ಯೂನಿಟ್, ಒಂದೂವರೆ ಗಂಟೆ. ಮಳೆಗಾಲದಲ್ಲಿ 30ರಿಂದ ಏರಿಸ್ಬೇಕಂದ್ರೆ 52 ಯೂನಿಟ್, ನಾಲ್ಕೂವರೆ ಗಂಟೆ. ಓನರ್ ಇದನ್ನ ಕೇಳಿ "ಏನ್ರೀ ನೀವು, ಬ್ಯಾಕ್ಟೀರಿಯಾ ಸಾಯಿಸೋಕೆ ಇಷ್ಟು ಕರೆಂಟಾ" ಅಂದ್ರು. ಸಾಯಿಸೋಕಲ್ಲ ಸಾರ್, ಅದು ನಾಳೆ ಬೆಳಿಗ್ಗೆ ಸ್ನಾನದ ನೀರು, ಬಿಸಿಲಿಲ್ಲದ ದಿನ ಅದನ್ನ ಹೇಗೂ ಕಾಯಿಸಲೇಬೇಕು, ನಾವು ರಾತ್ರಿಗಿಂತ ಮೊದ್ಲು ಕಾಯಿಸ್ತಿದೀವಿ ಅಷ್ಟೆ, ಜಾಸ್ತಿ ಆಗೋದು ರಾತ್ರಿ ಟ್ಯಾಂಕಿಂದ ಸೋರೋ ಶಾಖ ಮಾತ್ರ ಅಂದೆ. ಪೂರ್ತಿ ಒಪ್ಪಿದ್ರು ಅಂತ ಅನ್ನಿಸಲಿಲ್ಲ, ಆದ್ರೆ ಪಂಪ್ ಹಾಕೋಕೆ ಬಿಟ್ರು.

ಸುಡೋ ವಿಷಯ. 60ರ ನೀರು ಐದೇ ಸೆಕೆಂಡಿಗೆ ಚರ್ಮ ಬೇಯಿಸತ್ತೆ, ವಯಸ್ಸಾದೋರಿಗೆ ಮಕ್ಕಳಿಗೆ ಇನ್ನೂ ಬೇಗ. ಅಲ್ಲೇ ಹಿಂದೆ ಯಾರಿಗೋ ಕೈ ಸುಟ್ಟಿತ್ತು, ಅದಕ್ಕೇ ಯಾರೋ ಥರ್ಮೋಸ್ಟಾಟ್ ಕಮ್ಮಿ ಮಾಡಿದ್ರು. ಅವರ ಉದ್ದೇಶ ಒಳ್ಳೇದೇ, ಜಾಗ ತಪ್ಪು. ಟ್ಯಾಂಕಲ್ಲಿ ಶಾಖ ಇಳಿಸಿದ್ರೆ ಇಡೀ ಕಟ್ಟಡದ ಪೈಪು ಬೆಚ್ಚಗಾಗತ್ತೆ. ಇಳಿಸೋದು ನಲ್ಲಿ ಪಕ್ಕದಲ್ಲಿ, ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿ 42-43ಕ್ಕೆ ಕೂರಿಸಿ. ಅದರ ಮುಂದಿನ ಪೈಪು ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಅಲ್ಲಿಂದಾಚೆಗಿನ ನೀರು ಯಾವಾಗ್ಲೂ ಬ್ಯಾಕ್ಟೀರಿಯಾಗೆ ಇಷ್ಟವಾದ ಶಾಖದಲ್ಲೇ ಇರತ್ತೆ. ಟ್ಯಾಂಕಿನ ಬಾಯಲ್ಲೇ ಒಂದು ದೊಡ್ಡ ಮಿಕ್ಸಿಂಗ್ ವಾಲ್ವ್ ಹಾಕಿ ಕಟ್ಟಡಕ್ಕೆಲ್ಲಾ 45 ಕಳಿಸೋ ಡಿಸೈನ್ ಈಗ್ಲೂ ನೋಡ್ತೀನಿ, ದಯವಿಟ್ಟು ಬೇಡ.

ಟೈಮರ್ ಕಿತ್ತು, ವಾಲ್ವ್ ಹಿಸುಕಿ, ಪೈಪಿಗೆ ಹೊಸ ಫೋಮು ಸುತ್ತಿ ಮೇಲೆ ಅಲ್ಯೂಮಿನಿಯಂ ಹೊದಿಸಿ, ಟೀ ಕಿತ್ತ ಮೇಲೆ ಮೂರೂ ರಿಟರ್ನ್ 55-56ಕ್ಕೆ ಬಂತು. ಕೆಲಸಕ್ಕೆ ಮುಂಚೆ ಲ್ಯಾಬಿಗೆ ಕಳಿಸಿದ್ದ ನೀರಲ್ಲಿ ಎರಡನೇ ಟ್ಯಾಂಕಿನ ತಳ, ಮೂರನೇ ಲೈನಿನ ಒಂದು ಶವರು, ಎರಡೂ ಪಾಸಿಟಿವ್ ಬಂದಿತ್ತು. ಇದರ ಕಲ್ಚರ್ ಬೆಳೆಯೋಕೆ ಹತ್ತು ದಿನ ಹಿಡಿಯತ್ತೆ, ಹಾಗಾಗಿ ದಿನದ ಕಣ್ಣು ಥರ್ಮಾಮೀಟರೇ, ಲ್ಯಾಬ್ ಆಗಾಗ ತಾಳೆ ನೋಡೋಕೆ. ಮೂರು ತಿಂಗಳು ಬಿಟ್ಟು ಮತ್ತೆ ಕಳಿಸಿದಾಗ ಟ್ಯಾಂಕ್ ನೆಗೆಟಿವ್, ಶವರ್ ಮಾತ್ರ ಇನ್ನೂ ಪಾಸಿಟಿವ್. ಶವರಿನ ರಬ್ಬರ್ ಹೋಸ್ ಬಿಚ್ಚಿ ಬ್ಲೇಡಲ್ಲಿ ಉದ್ದಕ್ಕೆ ಸೀಳಿದ್ವಿ, ಒಳಗೆಲ್ಲಾ ಪಾಚಿ ಥರ ಜಾರೋ ಲೋಳೆ. ಹೋಸ್ ಬದಲಾಯಿಸಿದ ಮೇಲೆ ಅದೂ ಹೋಯ್ತು. ಈಗ ಆ ಅಣ್ಣನ ಹತ್ರ ಒಂದು ನೋಟ್‌ಬುಕ್ ಇದೆ: ಟ್ಯಾಂಕಿನ ತಳ, ಮೂರು ರಿಟರ್ನು, ಟ್ಯಾಂಕಿಗೆ ಅತಿ ಹತ್ತಿರದ ನಲ್ಲಿ, ಅತಿ ದೂರದ ನಲ್ಲಿ. ನಲ್ಲಿ ಬಿಟ್ಟು ಒಂದು ನಿಮಿಷ ಆದ್ಮೇಲೆ ಎಷ್ಟು ಅಂತ ಬರೀತಾರೆ. ಮಿಕ್ಸಿಂಗ್ ವಾಲ್ವ್ ಇರೋ ಕಡೆ ವಾಲ್ವಿಗೆ ಬರೋ ಬಿಸಿ ಪೈಪಿನ ಮೈ ಮೇಲೆ ಪ್ರೋಬ್ ಇಟ್ಟು ನೋಡ್ತಾರೆ, ಇಲ್ದಿದ್ರೆ ಎಲ್ಲಾ ಕಡೆ 42ನೇ ಬರತ್ತೆ, ಏನೂ ಗೊತ್ತಾಗಲ್ಲ.

ಕೊನೇಲಿ ಹಿಂದಿನ ಸಾಲಲ್ಲಿದ್ದ ಒಬ್ಬರು ಕೇಳಿದ್ರು, "ಸಾರ್, ಮನೆ ಗೀಸರಿಗೂ ಇಷ್ಟೆಲ್ಲಾ ಬೇಕಾ?" ಇಲ್ಲ. 15 ಲೀಟರ್ ಗೀಸರ್ ದಿನಾ ಹಾಕಿ ದಿನಾ ಖಾಲಿ ಮಾಡ್ತೀರಿ, ಪೈಪು ಎರಡು ಮೀಟರ್, ಅಲ್ಲಿ ಅಪಾಯ ಬಹಳ ಕಮ್ಮಿ. ಗೆಸ್ಟ್ ರೂಮಿನ ಗೀಸರ್ ಮಾತ್ರ ನೆನಪಿರ್ಲಿ, ಇಲ್ಲಾ ತಿಂಗಳು ಊರಿಗೆ ಹೋಗಿ ಬಂದ್ರೆ. ಪೂರ್ತಿ ಶಾಖಕ್ಕೆ ಇಟ್ಟು ತಾನೇ ಆಫ್ ಆಗೋವರೆಗೆ ಕಾಯಿಸಿ. ಆಮೇಲೆ ಶವರ್ ತಲೆ ಬಿಚ್ಚಿ, ಹೋಸನ್ನ ಬಕೆಟ್ ನೀರೊಳಗೆ ಮುಳುಗಿಸಿಟ್ಟು ನೀರು ಬಿಡಿ, ಹನಿ ಏಳಲ್ಲ. ಕಿಟಕಿ ತೆಗೆದಿರಿ, ನೀವು ಬಾಗಿಲಾಚೆ ನಿಲ್ಲಿ, ಬಕೆಟ್ ಎರಡು ಸಲ ತುಂಬಿದ ಮೇಲೆ ಒಳಗೆ ಹೋಗಿ ಸ್ನಾನ ಮಾಡಿ.